ಅಂಕ ಒಂದೇ, ದರ್ಜೆ ಎರಡು: ಪದವಿ ಫಲಿತಾಂಶದ ಲೆಕ್ಕ ಕವಲೊಡೆಯುವುದು ಎಲ್ಲಿ?

ಕರ್ನಾಟಕದ ಪದವಿ ಕಾಲೇಜುಗಳಿಂದ ಈ ಕೆಲವು ವರ್ಷಗಳಲ್ಲಿ ಹೊರಬರುತ್ತಿರುವವರ ಅಂಕಪಟ್ಟಿಗಳು ಒಂದೇ ಅಚ್ಚಿನವಲ್ಲ. 2021ಕ್ಕೆ ಮುಂಚೆ ಸೇರಿದವರದು ಹಳೆಯ ಮೂರು ವರ್ಷದ ಪದ್ಧತಿ. 2021-22ರಿಂದ 2023-24ರವರೆಗೆ ಸೇರಿದವರದು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ. 2024-25ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಹಾನರ್ಸ್ ಪದ್ಧತಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ತಂಡದ ಮೊದಲ ಪದವೀಧರರು ಬರುವುದು 2027ರಲ್ಲಿ. ಇವರ ಜತೆಗೆ ಎಂಜಿನಿಯರಿಂಗ್‌ನವರು, ಹೊರರಾಜ್ಯಗಳಲ್ಲಿ ಓದಿ ಬಂದವರು ಬೇರೆ.

ಇಷ್ಟೂ ಜನ ಒಂದೇ ನೇಮಕಾತಿಗೆ ಅರ್ಜಿ ಹಾಕುತ್ತಾರೆ. ಅಧಿಸೂಚನೆ ಮಾತ್ರ ಎಲ್ಲರಿಗೂ ಒಂದೇ ಸಾಲು ಬರೆದಿರುತ್ತದೆ: ಪದವಿಯಲ್ಲಿ ಪ್ರಥಮ ದರ್ಜೆ, ಅಥವಾ ಅಗ್ರಿಗೇಟ್ ಶೇ 60. ಓದಿದಾಗ ಎರಡೂ ಒಂದೇ ಎನಿಸುತ್ತದೆ. ಆದರೆ ಘಟಿಕೋತ್ಸವದ ಪ್ರಮಾಣಪತ್ರದಲ್ಲಿ ಫಸ್ಟ್ ಕ್ಲಾಸ್ ಎಂದಿರುವವರು ದಾಖಲೆ ಪರಿಶೀಲನೆಯಲ್ಲಿ ಶೇ 60ಕ್ಕಿಂತ ಕೆಳಗೆ ಬೀಳುವುದು ಸಾಧ್ಯ. ಸೆಕೆಂಡ್ ಕ್ಲಾಸ್ ಎಂದಿರುವವರು ಅದೇ ಗೆರೆಯನ್ನು ದಾಟುವುದೂ ಸಾಧ್ಯ. ಇದರಲ್ಲಿ ಮೋಸವೂ ಇಲ್ಲ, ಅಚ್ಚಿನ ತಪ್ಪೂ ಇಲ್ಲ. ಅದೇ ಅಂಕಗಳನ್ನು ಎರಡು ಕಡೆ ಎರಡು ನಿಯಮದಲ್ಲಿ ಕೂಡಿರುತ್ತಾರೆ, ಅಷ್ಟೇ. ಆ ನಿಯಮಗಳು ಯಾವುವು, ಯಾಕೆ ಬೇರೆಯಾದವು, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದನ್ನು ಬಿಡಿಸಿ ನೋಡಬೇಕು.

ಗೆರೆ ಎಲ್ಲರಿಗೂ ಗೊತ್ತು, ಕೂಡುವ ಕ್ರಮ ಗೊತ್ತಿಲ್ಲ

ದರ್ಜೆಯ ಗೆರೆಗಳ ಬಗ್ಗೆ ಗೊಂದಲ ಕಡಿಮೆ. ನಮ್ಮ ಕಡೆ ಸಾಮಾನ್ಯವಾಗಿ ಶೇ 60 ದಾಟಿದರೆ ಫಸ್ಟ್ ಕ್ಲಾಸ್, 50 ದಾಟಿದರೆ ಸೆಕೆಂಡ್ ಕ್ಲಾಸ್, ಅದಕ್ಕಿಂತ ಕೆಳಗೆ ಪಾಸಾದವರಿಗೆ ಪಾಸ್ ಕ್ಲಾಸ್. ಡಿಸ್ಟಿಂಕ್ಷನ್ ಹೆಚ್ಚಿನ ಕಡೆ 70ಕ್ಕೆ, ಕೆಲವೆಡೆ 75ಕ್ಕೆ.

ಗೊಂದಲ ಇರುವುದು ‘ಶೇ 60’ ಅನ್ನುವಾಗ ಯಾವುದರ ಶೇ 60 ಎಂಬಲ್ಲಿ. ಮೂರು ಅಥವಾ ನಾಲ್ಕು ವರ್ಷಗಳ ಫಲಿತಾಂಶವನ್ನು ಒಂದು ಅಂಕಿಗೆ ಇಳಿಸಬೇಕಾದರೆ ಪ್ರತಿ ವರ್ಷಕ್ಕೂ ಎಷ್ಟು ತೂಕ ಎಂದು ಯಾರಾದರೂ ತೀರ್ಮಾನಿಸಲೇಬೇಕು. ಎಲ್ಲ ವರ್ಷಕ್ಕೂ ಸಮ ತೂಕ ಎನ್ನುವುದೂ ಒಂದು ತೀರ್ಮಾನವೇ. ಭಾರತದ ವಿಶ್ವವಿದ್ಯಾಲಯಗಳು ಈ ತೀರ್ಮಾನವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿವೆ.

ಪಶ್ಚಿಮ ಬಂಗಾಳದ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಈಗಿನ ಮೌಲಾನಾ ಅಬುಲ್ ಕಲಾಂ ಆಜಾದ್ ವಿಶ್ವವಿದ್ಯಾಲಯ, ಬಿ.ಟೆಕ್. ಪದವಿಯ ಒಟ್ಟು ಅಂಕವನ್ನು ಡಿಜಿಪಿಎ ಎಂದು ಕರೆದು ಹೀಗೆ ಲೆಕ್ಕ ಹಾಕುತ್ತ ಬಂದಿದೆ:

```
DGPA = (YGPA1 + YGPA2 + 1.5 × YGPA3 + 1.5 × YGPA4) / 5
```

YGPA ಎಂದರೆ ಆಯಾ ವರ್ಷದ ಗ್ರೇಡ್ ಸರಾಸರಿ. ಮೊದಲ ಎರಡು ವರ್ಷಕ್ಕೆ ತಲಾ ಒಂದು ಪಾಲು, ಕೊನೆಯ ಎರಡು ವರ್ಷಕ್ಕೆ ತಲಾ ಒಂದೂವರೆ ಪಾಲು. ಉತ್ತರ ಭಾರತದ ಕೆಲವು ತಾಂತ್ರಿಕ ವಿಶ್ವವಿದ್ಯಾಲಯಗಳ ಹಳೆಯ ನಿಯಮ ಇನ್ನೂ ಕಡಿದಾದ ಏಣಿ: ಮೊದಲ ವರ್ಷದ ಅಂಕದಲ್ಲಿ ಕಾಲು ಭಾಗ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಮುಕ್ಕಾಲು, ನಾಲ್ಕನೆಯದು ಪೂರ್ತಿ. ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಿಜಿಪಿಎ ಎಂದರೆ ಕೊನೆಯ ನಾಲ್ಕು ಸೆಮಿಸ್ಟರ್‌ಗಳ ಸರಾಸರಿ. ಎಲ್ಲ ಸೆಮಿಸ್ಟರ್‌ಗಳದ್ದಕ್ಕೆ ಅಲ್ಲಿ ಸಿಪಿಐ ಎಂಬ ಬೇರೆ ಹೆಸರಿದೆ. ಸಿಜಿಪಿಎ ಎಂದ ಕೂಡಲೇ ಇಡೀ ಪದವಿಯ ಸರಾಸರಿ ಎಂದುಕೊಳ್ಳುವ ಬೇರೆ ರಾಜ್ಯದ ಅಧಿಕಾರಿಗೆ ಇದು ಹೊಳೆಯುವುದೇ ಕಷ್ಟ.

ಒಂದು ಅಂಕಪಟ್ಟಿ, ನಾಲ್ಕು ಉತ್ತರ

ಒಬ್ಬ ವಿದ್ಯಾರ್ಥಿನಿಯ ಅಂಕಗಳನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ವರ್ಷದ ಎಂಜಿನಿಯರಿಂಗ್, ಪ್ರತಿ ವರ್ಷವೂ 1000 ಅಂಕ. ಮೊದಲ ವರ್ಷ ಶೇ 50, ಎರಡನೇ ವರ್ಷ 56, ಮೂರನೇ ವರ್ಷ 62, ಕೊನೆಯ ವರ್ಷ 66. ಮೆಲ್ಲಗೆ ಮೇಲೆ ಬಂದವಳು.

ನಾಲ್ಕೂ ವರ್ಷಕ್ಕೆ ಸಮ ತೂಕ ಕೊಟ್ಟರೆ ಒಟ್ಟು 234, ಅದನ್ನು ನಾಲ್ಕರಿಂದ ಭಾಗಿಸಿದರೆ ಶೇ 58.5. ಸೆಕೆಂಡ್ ಕ್ಲಾಸ್.

ಬಂಗಾಳದ ಒಂದು, ಒಂದು, ಒಂದೂವರೆ, ಒಂದೂವರೆ ಅನುಪಾತವನ್ನು ಇದೇ ಶೇಕಡಾವಾರಿಗೆ ಹಚ್ಚಿದರೆ 50, 56, 93 ಮತ್ತು 99 ಸೇರಿ 298. ಐದರಿಂದ ಭಾಗಿಸಿದರೆ 59.6. ಗೆರೆಯ ಅಂಚಿಗೆ ಬಂದಳು, ಆದರೆ ಇನ್ನೂ ಸೆಕೆಂಡ್ ಕ್ಲಾಸೇ.

ಕಾಲು, ಅರ್ಧ, ಮುಕ್ಕಾಲು, ಪೂರ್ತಿ ನಿಯಮ ಎಂದರೆ ಒಂದು, ಎರಡು, ಮೂರು, ನಾಲ್ಕು ಪಾಲು. 50, 112, 186 ಮತ್ತು 264 ಸೇರಿ 612. ಹತ್ತರಿಂದ ಭಾಗಿಸಿದರೆ 61.2. ಈಗ ಫಸ್ಟ್ ಕ್ಲಾಸ್. ಕೊನೆಯ ಎರಡು ವರ್ಷ ಮಾತ್ರ ಎಂದರೆ 64, ನಿರಾಯಾಸವಾಗಿ ಫಸ್ಟ್ ಕ್ಲಾಸ್.

ಅವಳು ಬರೆದ ಉತ್ತರಪತ್ರಿಕೆಗಳಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಆದರೂ 58.5ರಿಂದ 64ರವರೆಗೆ ಅಂತರ ಬಂದಿದೆ.

ಈಗ ಇದೇ ಅಂಕಗಳನ್ನು ತಿರುವಿ ಹಾಕಿ: ಮೊದಲ ವರ್ಷ 66, ಆಮೇಲೆ 62, 56, ಕೊನೆಗೆ 50. ಚೆನ್ನಾಗಿ ಶುರುಮಾಡಿ, ಆಮೇಲೆ ಅನಾರೋಗ್ಯದಿಂದಲೋ ಮನೆಯ ತೊಂದರೆಯಿಂದಲೋ ಹಿಂದೆ ಬಿದ್ದ ವಿದ್ಯಾರ್ಥಿ. ಸಮ ತೂಕದಲ್ಲಿ ಇವನದೂ ಅದೇ 58.5. ಬಂಗಾಳದ ಅನುಪಾತದಲ್ಲಿ 57.4, ಕಾಲು-ಅರ್ಧ-ಮುಕ್ಕಾಲು ನಿಯಮದಲ್ಲಿ 55.8, ಕೊನೆಯ ಎರಡು ವರ್ಷ ಮಾತ್ರ ಹಿಡಿದರೆ 53. ಒಟ್ಟು ಅಂಕ ಸರಿಸಮ ಇರುವ ಇಬ್ಬರ ನಡುವೆ ಸಮ ತೂಕದಲ್ಲಿ ಅಂತರ ಸೊನ್ನೆ, ಕೊನೆಯ ನಿಯಮದಲ್ಲಿ 11.

ಇದರಿಂದ ಒಂದು ಸರಳ ಪರೀಕ್ಷೆ ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ನಿಮ್ಮ ಅಂಕ ಏರಿದ್ದರೆ ಏರು ತೂಕದ ನಿಯಮ ನಿಮ್ಮ ಪರ, ಇಳಿದಿದ್ದರೆ ವಿರುದ್ಧ. ಎಲ್ಲ ವರ್ಷವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇದ್ದವರಿಗೆ ಯಾವ ನಿಯಮವಾದರೂ ಒಂದೇ. ಹಾಗಾಗಿ ಈ ಚರ್ಚೆ ತಟ್ಟುವುದು ಗೆರೆಯ ಆಚೀಚೆ ಎರಡು ಮೂರು ಅಂಕದೊಳಗೆ ಇರುವವರಿಗೆ, ಅದರಲ್ಲೂ ವರ್ಷಗಳ ನಡುವೆ ದೊಡ್ಡ ಏರಿಳಿತ ಕಂಡವರಿಗೆ.

ಯಾರೂ ಘೋಷಿಸದ ತೂಕ

ತೂಕವನ್ನು ನಿಯಮದಲ್ಲಿ ಬರೆದಿಟ್ಟರೆ ಕನಿಷ್ಠ ಅದು ಕಣ್ಣಿಗೆ ಕಾಣುತ್ತದೆ. ಬರೆಯದೆಯೇ ಒಳಗೆ ಸೇರಿಕೊಳ್ಳುವ ತೂಕ ಹೆಚ್ಚು ತೊಂದರೆ ಕೊಡುತ್ತದೆ. ಅದು ಬರುವುದು ಗರಿಷ್ಠ ಅಂಕಗಳಿಂದ.

ಮೂರು ವರ್ಷದ ಪದವಿಯೊಂದರಲ್ಲಿ ಮೊದಲೆರಡು ವರ್ಷ ತಲಾ 600 ಅಂಕ, ಕೊನೆಯ ವರ್ಷ ಪತ್ರಿಕೆಗಳು ಹೆಚ್ಚಿರುವುದರಿಂದ 900 ಅಂಕ ಎಂದಿಟ್ಟುಕೊಳ್ಳಿ. ಒಬ್ಬರಿಗೆ ಮೊದಲ ವರ್ಷ 396, ಎರಡನೇ ವರ್ಷ 378, ಕೊನೆಯ ವರ್ಷ 477 ಬಂದಿವೆ. ಶೇಕಡಾವಾರು ಕ್ರಮವಾಗಿ 66, 63, 53. ಈ ಮೂರು ಶೇಕಡಾವಾರುಗಳ ಸರಾಸರಿ ತೆಗೆದರೆ 60.67, ಫಸ್ಟ್ ಕ್ಲಾಸ್. ಆದರೆ ಪಡೆದ ಅಂಕವನ್ನೆಲ್ಲ ಕೂಡಿ ಒಟ್ಟು ಗರಿಷ್ಠದಿಂದ ಭಾಗಿಸಿದರೆ 2100ಕ್ಕೆ 1251, ಅಂದರೆ 59.57. ಫಸ್ಟ್ ಕ್ಲಾಸ್ ತಪ್ಪಿತು.

ಎರಡನೇ ಲೆಕ್ಕದಲ್ಲಿ ಕೊನೆಯ ವರ್ಷಕ್ಕೆ ಮೊದಲ ವರ್ಷದ ಒಂದೂವರೆ ಪಟ್ಟು ತೂಕ ಸಿಕ್ಕಿದೆ. ಯಾವ ಸಭೆಯೂ ಹಾಗೆ ನಿರ್ಣಯಿಸಿಲ್ಲ. 900 ಎಂಬ ಅಂಕಿ ತಾನಾಗಿ ಆ ಕೆಲಸ ಮಾಡಿದೆ. ಆನ್‌ಲೈನ್ ಅರ್ಜಿ ತುಂಬುವಾಗ ಅಭ್ಯರ್ಥಿಗಳು ಮಾಡುವ ತಪ್ಪುಗಳಲ್ಲಿ ಇದು ತೀರ ಸಾಮಾನ್ಯವಾದದ್ದು. ಆರು ಸೆಮಿಸ್ಟರ್‌ಗಳ ಶೇಕಡಾವಾರು ಬರೆದುಕೊಂಡು ಆರರಿಂದ ಭಾಗಿಸುತ್ತಾರೆ. ಎಲ್ಲ ಸೆಮಿಸ್ಟರ್‌ನ ಗರಿಷ್ಠ ಅಂಕವೂ ಒಂದೇ ಆಗಿದ್ದರೆ ಮಾತ್ರ ಆ ಉತ್ತರ ಸರಿ.

ಕ್ರೆಡಿಟ್ ಪದ್ಧತಿಯಲ್ಲೂ ಇದೇ ನಡೆಯುತ್ತದೆ, ಬೇರೆ ಹೆಸರಿನಲ್ಲಿ. ಪ್ರತಿ ವಿಷಯದ ಗ್ರೇಡ್ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸಿಜಿಪಿಎ. ಯಾವ ಸೆಮಿಸ್ಟರ್‌ನಲ್ಲಿ ಕ್ರೆಡಿಟ್ ಹೆಚ್ಚೋ ಅದಕ್ಕೆ ತೂಕ ಹೆಚ್ಚು. ಆದ್ದರಿಂದ ಸೆಮಿಸ್ಟರ್‌ವಾರು ಎಸ್‌ಜಿಪಿಎಗಳನ್ನು ನೇರವಾಗಿ ಸರಾಸರಿ ಮಾಡಿದರೆ ವಿಶ್ವವಿದ್ಯಾಲಯ ಅಚ್ಚು ಮಾಡಿದ ಸಿಜಿಪಿಎಗೆ ತಾಳೆಯಾಗದಿರುವುದು ಸಹಜ. ಅಲ್ಲಿ ತಪ್ಪು ಅಂಕಪಟ್ಟಿಯದ್ದಲ್ಲ.

ಕೊನೆಯ ವರ್ಷಕ್ಕೆ ಹೆಚ್ಚು ತೂಕ ಏಕೆ?

ಏರು ತೂಕದ ಪರ ಇರುವವರ ವಾದ ಗಟ್ಟಿಯಾಗಿಯೇ ಇದೆ. ಪದವಿ ಹೇಳಬೇಕಾದದ್ದು ವಿದ್ಯಾರ್ಥಿ ಹೊರಬರುವಾಗ ಯಾವ ಮಟ್ಟದಲ್ಲಿದ್ದಾನೆ ಎಂಬುದನ್ನು. ಒಳಗೆ ಬಂದಾಗ ಹೇಗಿದ್ದ ಎಂಬುದನ್ನಲ್ಲ. ಎಂಜಿನಿಯರಿಂಗ್‌ನ ಮೊದಲ ವರ್ಷ ಎಲ್ಲ ಶಾಖೆಗೂ ಸಾಮಾನ್ಯವಾದ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳದ್ದು. ಸಿವಿಲ್ ಓದಿದವರ ಯೋಗ್ಯತೆ ತೋರುವುದು ಮೂರನೇ ವರ್ಷದ ಸ್ಟ್ರಕ್ಚರಲ್ ಅನಾಲಿಸಿಸ್‌ನಲ್ಲಿ, ಮೊದಲ ವರ್ಷದ ರಸಾಯನವಿಜ್ಞಾನದಲ್ಲಿ ಅಲ್ಲ.

ಕರ್ನಾಟಕದ ಮಟ್ಟಿಗೆ ಇನ್ನೊಂದು ಕಾರಣ ಇದೆ, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ತೂಕದ ಕಾರಣ ಅದೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಮೊದಲ ವರ್ಷ ಎರಡು ಪರೀಕ್ಷೆ: ವಿಷಯದ್ದೊಂದು, ಇಂಗ್ಲಿಷಿನದ್ದೊಂದು. ಅವಳ 50ಕ್ಕೂ ನಗರದ ಇಂಗ್ಲಿಷ್ ಶಾಲೆಯಿಂದ ಬಂದವರ 65ಕ್ಕೂ ನಡುವಿನ ಅಂತರದಲ್ಲಿ ವಿಷಯಜ್ಞಾನದ ಪಾಲೆಷ್ಟು, ಭಾಷೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಭಾಷೆಯ ಅಡ್ಡಿ ತಗ್ಗಿರುತ್ತದೆ. ಮೊದಲ ವರ್ಷಕ್ಕೆ ಸಮ ತೂಕ ಕೊಟ್ಟರೆ ಆ ಅಡ್ಡಿಯ ಗುರುತು ಅವಳ ದರ್ಜೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರುವವರ ಪ್ರಶ್ನೆಯೂ ಇಲ್ಲೇ ಬರುತ್ತದೆ. ಅವರಿಗೆ ಮೊದಲ ವರ್ಷದ ಅಂಕವೇ ಇಲ್ಲ. ಮೇಲಿನ ವಿದ್ಯಾರ್ಥಿನಿಯ ಪಕ್ಕದಲ್ಲೇ ಕೂತು ಅದೇ 56, 62, 66 ಪಡೆದ ಡಿಪ್ಲೊಮಾ ಸಹಪಾಠಿಗೆ ಸಮ ತೂಕದಲ್ಲಿ 61.33 ಬರುತ್ತದೆ. ಅವನಿಗೆ ಫಸ್ಟ್ ಕ್ಲಾಸ್, ಅವಳಿಗೆ ಸೆಕೆಂಡ್ ಕ್ಲಾಸ್. ಒಟ್ಟಿಗೆ ಓದಿದ ಮೂರೂ ವರ್ಷ ಇಬ್ಬರದೂ ಒಂದೇ ಅಂಕ. ಮೊದಲ ವರ್ಷದ ತೂಕ ಇಳಿದಷ್ಟೂ ಈ ಅಸಮತೆ ಇಳಿಯುತ್ತದೆ, ಮೊದಲ ವರ್ಷವನ್ನು ಬಿಟ್ಟೇಬಿಟ್ಟರೆ ಪೂರ್ತಿ ಅಳಿಯುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಬಹುಪಾಲು ಮೊದಲ ವರ್ಷದ ಅಂಕವನ್ನು ದರ್ಜೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪಾಸಾದರೆ ಸಾಕು.

ವಿರೋಧದ ವಾದ, ಮತ್ತು ಪ್ರಾಜೆಕ್ಟಿನ ಅಂಕ

ಸಮ ತೂಕ ಬೇಕೆನ್ನುವವರ ಮೊದಲ ಮಾತು ಎಲ್ಲರಿಗೂ ಹೊಳೆಯುವಂಥದ್ದು: ಲೆಕ್ಕಕ್ಕೆ ಬಾರದ ವರ್ಷವನ್ನು ವಿದ್ಯಾರ್ಥಿಗಳು ಕಡೆಗಣಿಸುತ್ತಾರೆ, ಮೊದಲ ವರ್ಷದ ಗಣಿತ ಗಟ್ಟಿಯಾಗದೆ ಮುಂದಿನದು ನಿಲ್ಲುವುದಿಲ್ಲ. ಎರಡನೆಯದು ಅದಕ್ಕಿಂತ ಗಂಭೀರ, ಆದರೆ ಕಡಿಮೆ ಚರ್ಚೆಯಾದದ್ದು. ಕೊನೆಯ ವರ್ಷದ ಅಂಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅದು.

ಮೊದಲ ವರ್ಷದ ಅಂಕದಲ್ಲಿ ಲಿಖಿತ ಪರೀಕ್ಷೆಯ ಪಾಲು ದೊಡ್ಡದು. ಕೊನೆಯ ವರ್ಷಕ್ಕೆ ಬಂದರೆ ಪ್ರಾಜೆಕ್ಟ್, ಸೆಮಿನಾರ್, ಇಂಟರ್ನ್‌ಶಿಪ್, ವೈವಾ ಸೇರಿಕೊಳ್ಳುತ್ತವೆ. ಇವುಗಳಿಗೆ ಅಂಕ ಕೊಡುವುದರಲ್ಲಿ ಕಾಲೇಜಿನ ಒಳಗಿನವರ ಕೈ ದೊಡ್ಡದು, ಕೈ ಧಾರಾಳವೂ ಹೌದು.

ನಮ್ಮ ವಿದ್ಯಾರ್ಥಿನಿಯ ಕೊನೆಯ ವರ್ಷದ ಶೇ 66ನ್ನೇ ಬಿಚ್ಚಿ ನೋಡೋಣ. 1000 ಅಂಕದಲ್ಲಿ 200 ಪ್ರಾಜೆಕ್ಟಿನದು, ಅದರಲ್ಲಿ ಅವಳಿಗೆ 180 ಬಂದಿದೆ ಎಂದಿಟ್ಟುಕೊಳ್ಳಿ. ಉಳಿದ 800ಕ್ಕೆ 480, ಅಂದರೆ ಶೇ 60. ಪ್ರಾಜೆಕ್ಟ್ ಬಿಟ್ಟರೆ ಕೊನೆಯ ವರ್ಷದ ಅವಳ ಮಟ್ಟ 66 ಅಲ್ಲ, 60. ಈ 60ನ್ನು ಇಟ್ಟುಕೊಂಡು ಕಾಲು-ಅರ್ಧ-ಮುಕ್ಕಾಲು ನಿಯಮದ ಲೆಕ್ಕವನ್ನು ಮತ್ತೆ ಮಾಡಿದರೆ 61.2 ಇದ್ದದ್ದು 58.8ಕ್ಕೆ ಇಳಿಯುತ್ತದೆ. ಅವಳಿಗೆ ಫಸ್ಟ್ ಕ್ಲಾಸ್ ತಂದುಕೊಟ್ಟದ್ದು ಮೂರನೇ, ನಾಲ್ಕನೇ ವರ್ಷದ ಪಠ್ಯವಿಷಯಗಳ ಹಿಡಿತವಲ್ಲ. ಪ್ರಾಜೆಕ್ಟಿನ ಧಾರಾಳ ಅಂಕ, ಮತ್ತು ಆ ಅಂಕಕ್ಕೆ ನಿಯಮ ಕೊಟ್ಟ ನಾಲ್ಕು ಪಾಲು ತೂಕ.

ಇದರ ಪರಿಣಾಮ ಒಬ್ಬಳಿಗೆ ಸೀಮಿತವಲ್ಲ. ಒಂದು ಬ್ಯಾಚಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಪ್ರಾಜೆಕ್ಟಿನಲ್ಲಿ 85ರಿಂದ 95 ಬಂದರೆ, ಆ ಅಂಕ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವುದಿಲ್ಲ. ಆದರೆ ಎಲ್ಲರನ್ನೂ ಒಂದು ಮೆಟ್ಟಿಲು ಮೇಲೆತ್ತುತ್ತದೆ. ಫಸ್ಟ್ ಕ್ಲಾಸಿನ ಗೆರೆ 60ರಲ್ಲೇ ನಿಂತಿರುವುದರಿಂದ, ಗೆರೆ ದಾಟಿದವರ ಸಂಖ್ಯೆ ಹೆಚ್ಚುತ್ತದೆ. ಹೀಗೆ ಫಸ್ಟ್ ಕ್ಲಾಸ್ ಬಂದವರು ಹೆಚ್ಚಾದಾಗ ಉದ್ಯೋಗದಾತರು ಆ ಪದವನ್ನು ನಂಬುವುದು ಬಿಟ್ಟು ತಮ್ಮದೇ ಲೆಕ್ಕ ಶುರುಮಾಡುತ್ತಾರೆ.

ಏರು ತೂಕವೇ ತಪ್ಪೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಕೊನೆಯ ವರ್ಷಕ್ಕೆ ತೂಕ ಹೆಚ್ಚಿಸುವ ವಿಶ್ವವಿದ್ಯಾಲಯ ಆ ವರ್ಷದ ಪ್ರಾಜೆಕ್ಟ್ ಮೌಲ್ಯಮಾಪನಕ್ಕೆ ಹೊರಗಿನ ಪರೀಕ್ಷಕರನ್ನು ಗಂಭೀರವಾಗಿ ತರಬೇಕು, ಅಥವಾ ತೂಕವನ್ನು ವರ್ಷಕ್ಕೆ ಕೊಡದೆ ಮೂರನೇ ಮತ್ತು ನಾಲ್ಕನೇ ವರ್ಷದ ಪಠ್ಯವಿಷಯಗಳಿಗೆ ಕೊಡಬೇಕು. ತೂಕ ಒಂದನ್ನೇ ಬದಲಿಸಿ ಮೌಲ್ಯಮಾಪನವನ್ನು ಇದ್ದ ಹಾಗೆ ಬಿಟ್ಟರೆ, ಕನ್ನಡ ಮಾಧ್ಯಮದ ಹುಡುಗಿಗೆ ನ್ಯಾಯ ಒದಗಿಸಲು ತಂದ ನಿಯಮ ಧಾರಾಳವಾಗಿ ಅಂಕ ಹಂಚುವ ಕಾಲೇಜುಗಳಿಗೆ ಅನುಕೂಲವಾಗುತ್ತದೆ.

ಉದ್ಯೋಗದಾತರ ಲೆಕ್ಕ

ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅಧಿಸೂಚನೆಗಳಲ್ಲಿ ಈ ಬಗ್ಗೆ ಸ್ಪಷ್ಟ ನಿಯಮವಿದೆ. ಎಲ್ಲ ಸೆಮಿಸ್ಟರ್ ಅಥವಾ ವರ್ಷಗಳ ಎಲ್ಲ ವಿಷಯಗಳಲ್ಲಿ ಪಡೆದ ಅಂಕವನ್ನು ಕೂಡಿ, ಎಲ್ಲ ವಿಷಯಗಳ ಗರಿಷ್ಠ ಅಂಕದಿಂದ ಭಾಗಿಸಬೇಕು. ಹಾನರ್ಸ್ ವಿಷಯ, ಐಚ್ಛಿಕ ವಿಷಯ, ಹೆಚ್ಚುವರಿ ವಿಷಯ ಎಂಬ ಭೇದ ಇಲ್ಲ. ಮುಖ್ಯ ವಿಷಯಗಳ ಅಂಕದಿಂದ ಮಾತ್ರ ದರ್ಜೆ ಕೊಡುವ ವಿಶ್ವವಿದ್ಯಾಲಯದ ಪದವೀಧರರಿಗೂ ಇದೇ ಲೆಕ್ಕ. ಭಿನ್ನರಾಶಿಯನ್ನು ಮೇಲಕ್ಕೆ ಏರಿಸುವಂತಿಲ್ಲ: 59.99 ಎಂದರೆ 60ಕ್ಕಿಂತ ಕಡಿಮೆ.

ಉದ್ಯೋಗದಾತರ ದೃಷ್ಟಿಯಿಂದ ಇದಕ್ಕೆ ಕಾರಣ ಸ್ಪಷ್ಟ. ದೇಶದ ನೂರಾರು ವಿಶ್ವವಿದ್ಯಾಲಯಗಳ ತೂಕದ ನಿಯಮಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅವರಿಂದಾಗದ ಕೆಲಸ. ಎಲ್ಲರಿಗೂ ಒಂದೇ ಅಳತೆ ಹಿಡಿದರೆ ನ್ಯಾಯಾಲಯದಲ್ಲೂ ಸಮರ್ಥಿಸಿಕೊಳ್ಳಬಹುದು. ಆದರೆ ಇದರ ಭಾರ ಬೀಳುವುದು ಏರು ತೂಕದ ವಿಶ್ವವಿದ್ಯಾಲಯದಲ್ಲಿ ಓದಿದವರ ಮೇಲೆ. ಮೊದಲ ವರ್ಷ ಅಷ್ಟೇನೂ ಮುಖ್ಯವಲ್ಲ ಎಂದು ವಿಶ್ವವಿದ್ಯಾಲಯದ ನಿಯಮವೇ ಹೇಳಿತ್ತು, ವಿದ್ಯಾರ್ಥಿನಿ ಅದನ್ನು ನಂಬಿ ಕೊನೆಯ ಎರಡು ವರ್ಷಕ್ಕೆ ಶ್ರಮ ಹಾಕಿದ್ದಳು. ನಾಲ್ಕು ವರ್ಷದ ಮೇಲೆ ಇನ್ನೊಂದು ಸಂಸ್ಥೆ ಮೊದಲ ವರ್ಷಕ್ಕೂ ಪೂರ್ತಿ ತೂಕ ಕೊಟ್ಟು 58.5 ಎಂದಿತು. ಆಟ ಮುಗಿದ ಮೇಲೆ ನಿಯಮ ಬದಲಾದಂತೆ ಅವಳಿಗೆ ಅನ್ನಿಸಿದರೆ ಅದು ನ್ಯಾಯವಾದ ಸಂಕಟವೇ.

ಅಧಿಸೂಚನೆಯನ್ನು ಓದುವಾಗ ಈ ಭೇದವನ್ನು ಗಮನಿಸಬೇಕು. ‘ಪ್ರಥಮ ದರ್ಜೆ’ ಎಂದು ಮಾತ್ರ ಇದ್ದರೆ ವಿಶ್ವವಿದ್ಯಾಲಯದ ಪ್ರಮಾಣಪತ್ರದ ಮಾತು ನಡೆಯುವ ಸಾಧ್ಯತೆ ಹೆಚ್ಚು. ‘ಒಟ್ಟು ಶೇ 60’ ಎಂದಿದ್ದು, ಲೆಕ್ಕ ಹಾಕುವ ವಿಧಾನವನ್ನೂ ಕೊಟ್ಟಿದ್ದರೆ ಆ ವಿಧಾನವೇ ಅಂತಿಮ. ‘ವಿಶ್ವವಿದ್ಯಾಲಯದ ನಿಯಮದಂತೆ’ ಎಂದು ಬರೆದಿದ್ದರೆ ಮಾತ್ರ ಏರು ತೂಕದ ಅಂಕಿಯನ್ನು ಧೈರ್ಯವಾಗಿ ತುಂಬಬಹುದು.

ಸಿಜಿಪಿಎ ಬಂದ ಮೇಲೆ ಸೇರಿದ ಇನ್ನೊಂದು ಪದರ

ಗ್ರೇಡ್ ಪದ್ಧತಿ ಬಂದರೆ ಶೇಕಡಾವಾರಿನ ಜಗಳ ಮುಗಿಯುತ್ತದೆ ಎಂಬ ನಿರೀಕ್ಷೆ ಇತ್ತು. ಆದದ್ದು ಬೇರೆ. ಅಧಿಸೂಚನೆಗಳು ಶೇಕಡಾವಾರು ಕೇಳುವುದನ್ನು ನಿಲ್ಲಿಸಲಿಲ್ಲ, ಹಾಗಾಗಿ ಸಿಜಿಪಿಎಯನ್ನು ಮತ್ತೆ ಶೇಕಡಾವಾರಿಗೆ ತಿರುಗಿಸಬೇಕಾಯಿತು. ತಿರುಗಿಸುವ ಸೂತ್ರಗಳೂ ಒಂದಲ್ಲ.

ಅತ್ಯಂತ ಸರಳವಾದದ್ದು ಹತ್ತರಿಂದ ಗುಣಿಸುವುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇ, ಕೊಟ್ಟಿರುವ ಸಮಾನತೆಯ ಪಟ್ಟಿ ಬೇರೆ: ಅದರಲ್ಲಿ 6.75 ಎಂದರೆ ಶೇ 60, 7.25 ಎಂದರೆ 65, 7.75 ಎಂದರೆ 70. ಸೂತ್ರವಾಗಿ ಬರೆದರೆ ಹೀಗೆ:

```
ಶೇಕಡಾವಾರು = (CGPA − 0.75) × 10
```

ಮುಕ್ಕಾಲು ಅಂಕ ಕಳೆಯುವುದು ಅನ್ಯಾಯವಾಗಿ ಕಾಣುತ್ತದೆ, ಆದರೆ ಅದಕ್ಕೆ ಆಧಾರವಿದೆ. 60ರಿಂದ 69ರವರೆಗಿನ ಎಲ್ಲ ಅಂಕಕ್ಕೂ 7 ಗ್ರೇಡ್ ಅಂಕ ಕೊಡುವ ಪದ್ಧತಿಯನ್ನು ತೆಗೆದುಕೊಳ್ಳಿ. 60 ಪಡೆದವರಿಗೂ 7, 69 ಪಡೆದವರಿಗೂ 7. ಈ ಶ್ರೇಣಿಯ ನಡುಬಿಂದು 64.5. ಏಳನ್ನು ಹತ್ತರಿಂದ ಗುಣಿಸಿದರೆ ಬರುವ 70 ಆ ಶ್ರೇಣಿಯಲ್ಲಿ ಯಾರೊಬ್ಬರೂ ಪಡೆಯದ ಅಂಕ. ಅರ್ಧ ಅಂಕದಷ್ಟು ಕಳೆದರೆ ನಿಜವಾದ ಸರಾಸರಿಯ ಹತ್ತಿರ ಬರುತ್ತದೆ. ಎಐಸಿಟಿಇಯದು ಅದಕ್ಕಿಂತ ಸ್ವಲ್ಪ ಬಿಗಿ. ಹತ್ತರಿಂದ ಗುಣಿಸುವ ಸೂತ್ರ ಸರಿಹೊಂದುವುದು ಗ್ರೇಡ್ ಅಂಕವನ್ನು ಶ್ರೇಣಿಗಳಾಗಿ ಕೊಡದೆ, ಪಡೆದ ಅಂಕವನ್ನೇ ಹತ್ತರಿಂದ ಭಾಗಿಸಿ ದಶಾಂಶದಲ್ಲಿ ಕೊಡುವ ಕಡೆ.

ಇಸ್ರೊದ ವಿಜ್ಞಾನಿ, ಎಂಜಿನಿಯರ್ ನೇಮಕಾತಿ ಅಧಿಸೂಚನೆಗಳಲ್ಲಿ ಶೇ 65 ಅಥವಾ ಹತ್ತಕ್ಕೆ 6.84 ಸಿಜಿಪಿಎ ಎಂದು ಕೇಳಿದ್ದುಂಟು. 65ನ್ನು 9.5ರಿಂದ ಭಾಗಿಸಿದರೆ ಸರಿಯಾಗಿ ಅದೇ ಅಂಕಿ ಬರುತ್ತದೆ, ಅಂದರೆ ಸಿಜಿಪಿಎಯನ್ನು 9.5ರಿಂದ ಗುಣಿಸುವ ಮೂರನೆಯ ಸೂತ್ರಕ್ಕೆ ಇದು ಹೊಂದುತ್ತದೆ. ಸಿಜಿಪಿಎ 7 ಇರುವ ಒಬ್ಬರನ್ನು ಯೋಚಿಸಿ. ಇಸ್ರೊದ ಈ ಗೆರೆಯನ್ನು ಅವರು ಸುಲಭವಾಗಿ ದಾಟುತ್ತಾರೆ. ಹತ್ತರ ಸೂತ್ರದಲ್ಲಿ ಅವರದು ಶೇ 70, ಹೆಚ್ಚಿನ ಕಡೆ ಅದು ಡಿಸ್ಟಿಂಕ್ಷನ್. ಎಐಸಿಟಿಇ ಸೂತ್ರದಲ್ಲಿ 62.5, ಫಸ್ಟ್ ಕ್ಲಾಸ್ ಅಷ್ಟೇ. ಶೇ 65 ಕೇಳುವ ಹುದ್ದೆಗೆ ಅರ್ಜಿ ಹಾಕಲೂ ಬಾರದು. ಸೂತ್ರದ ಆಯ್ಕೆಯೊಂದೇ ಒಬ್ಬರನ್ನು ಏಳೂವರೆ ಶೇಕಡಾ ಅಂಕದಷ್ಟು ಮೇಲೆ ಕೆಳಗೆ ಆಡಿಸುತ್ತದೆ. ವರ್ಷಗಳ ತೂಕದಿಂದ ನಮ್ಮ ವಿದ್ಯಾರ್ಥಿನಿಗೆ ಆದ ಅಂತರಕ್ಕಿಂತ ಇದು ದೊಡ್ಡದು.

ಗೆರೆಯ ಹತ್ತಿರ ಇರುವವರು ನೋಡಬೇಕಾದ್ದು

ಮೊದಲು ಹುಡುಕಬೇಕಾದದ್ದು ತಾವು ಸೇರಿದ ವರ್ಷದ ರೆಗ್ಯುಲೇಷನ್. ಈಗ ಜಾಲತಾಣದಲ್ಲಿ ಕಾಣುವ ನಿಯಮ ಈಗ ಸೇರುವವರಿಗೆ. ಹಳೆಯ ಸ್ಕೀಮಿನವರಿಗೆ ಸಾಮಾನ್ಯವಾಗಿ ಅವರು ಸೇರಿದಾಗಿನ ನಿಯಮವೇ ಅನ್ವಯ. 2021ರ ಆಚೀಚೆ ಸೇರಿದ ಅಣ್ಣ ತಮ್ಮಂದಿರ ಅಂಕಪಟ್ಟಿಯನ್ನು ಒಂದೇ ಸೂತ್ರದಲ್ಲಿ ಲೆಕ್ಕ ಹಾಕಿದರೆ ತಪ್ಪಾಗುವುದು ಇದರಿಂದಲೇ.

ಆಮೇಲೆ ಎರಡು ಅಂಕಿಗಳನ್ನು ತಾವೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಒಂದು, ವಿಶ್ವವಿದ್ಯಾಲಯದ ನಿಯಮದ ಪ್ರಕಾರದ್ದು. ಇನ್ನೊಂದು, ಎಲ್ಲ ವಿಷಯಗಳ ಪಡೆದ ಅಂಕ ಮತ್ತು ಗರಿಷ್ಠ ಅಂಕವನ್ನು ನೇರವಾಗಿ ಕೂಡಿ ಭಾಗಿಸಿದ್ದು, ಎರಡು ದಶಾಂಶ ಸ್ಥಾನಗಳವರೆಗೆ. ಎರಡೂ ಗೆರೆಯ ಒಂದೇ ಬದಿಯಲ್ಲಿದ್ದರೆ ಚಿಂತೆಯಿಲ್ಲ. ಬೇರೆ ಬೇರೆ ಬದಿಗೆ ಬಿದ್ದರೆ ಪ್ರತಿ ಅರ್ಜಿಯಲ್ಲೂ ಅಧಿಸೂಚನೆಯ ವಿಧಾನವನ್ನು ನೋಡಿಯೇ ತುಂಬಬೇಕು. ಕಡಿಮೆ ಅಂಕಿ ಬರುವ ವಿಧಾನವನ್ನು ಅಧಿಸೂಚನೆ ಹೇಳಿದ್ದರೂ ಹೆಚ್ಚಿನದನ್ನು ತುಂಬಿದರೆ, ಪರೀಕ್ಷೆ, ಸಂದರ್ಶನ ಎಲ್ಲ ಮುಗಿಸಿ ಮೂಲ ದಾಖಲೆ ತೋರಿಸುವ ದಿನ ಅದು ಹೊರಬರುತ್ತದೆ. ಆಗ ಸರಿಪಡಿಸಲು ದಾರಿ ಇರುವುದಿಲ್ಲ.

ಸಿಜಿಪಿಎ ಇರುವವರು ಕುಲಸಚಿವರ (ಮೌಲ್ಯಮಾಪನ) ಕಚೇರಿಯಿಂದ ಪರಿವರ್ತನೆಯ ಪತ್ರವನ್ನು ಅರ್ಜಿ ಕರೆಯುವ ಮುಂಚೆಯೇ ಪಡೆದಿಟ್ಟುಕೊಳ್ಳಬೇಕು. ಸೂತ್ರ, ತಮ್ಮ ಸಿಜಿಪಿಎ, ಅದಕ್ಕೆ ಸಮನಾದ ಶೇಕಡಾವಾರು, ದರ್ಜೆ ಈ ನಾಲ್ಕೂ ಪತ್ರದಲ್ಲಿವೆಯೇ ಎಂದು ನೋಡಬೇಕು. ಸೂತ್ರವನ್ನಷ್ಟೇ ಬರೆದು ಕೊಟ್ಟ ಸಾಮಾನ್ಯ ಪತ್ರವನ್ನು ಪರಿಶೀಲನೆಯಲ್ಲಿ ಒಪ್ಪದಿರಬಹುದು.

ವಿಶ್ವವಿದ್ಯಾಲಯಗಳ ಕೈಯಲ್ಲಿರುವುದು

ತೂಕದ ನಿಯಮಗಳನ್ನು ದೇಶದಾದ್ಯಂತ ಒಂದೇ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಕಲಾ ಪದವಿಗೆ ಸರಿಯಾದದ್ದು ಎಂಜಿನಿಯರಿಂಗ್‌ಗೆ ಸರಿಯಾಗಬೇಕಿಲ್ಲ, ಮತ್ತು ಏರು ತೂಕದ ಹಿಂದಿನ ಕಾಳಜಿ ಕಳೆದುಕೊಳ್ಳುವಂಥದ್ದಲ್ಲ. ಬೇಕಿರುವುದು ಕ್ರೋಡೀಕೃತ ಅಂಕಪಟ್ಟಿಯ ಕೆಳಗೆ ಎರಡು ಸಾಲು. ಮೊದಲ ಸಾಲಿನಲ್ಲಿ ವಿಶ್ವವಿದ್ಯಾಲಯದ ದರ್ಜೆ, ಪ್ರತಿ ವರ್ಷಕ್ಕೆ ಕೊಟ್ಟ ತೂಕದ ಸಮೇತ. ಎರಡನೆಯದರಲ್ಲಿ ಯಾವ ತೂಕವನ್ನೂ ಹಚ್ಚದೆ ಎಲ್ಲ ವಿಷಯಗಳನ್ನೂ ಕೂಡಿದ ಒಟ್ಟು, ಅದರ ಗರಿಷ್ಠ, ಅದರ ಶೇಕಡಾವಾರು. ಗ್ರೇಡ್ ಪದ್ಧತಿಯಲ್ಲೂ ವಿಷಯವಾರು ಮೂಲ ಅಂಕಗಳು ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತವೆ, ಏಕೆಂದರೆ ಗ್ರೇಡ್ ಹುಟ್ಟುವುದೇ ಅವುಗಳಿಂದ. ಅವನ್ನು ಅಚ್ಚು ಮಾಡಿದರೆ ಪರಿವರ್ತನೆಯ ಸೂತ್ರದ ಜಗಳವೂ ಬಹುಪಾಲು ಮುಗಿಯುತ್ತದೆ, ಶೇಕಡಾವಾರು ಬೇಕಾದವರು ನೇರ ಅದನ್ನೇ ಓದಿಕೊಳ್ಳಬಹುದು.

2024ರಲ್ಲಿ ಸೇರಿದವರ ಅಂತಿಮ ಅಂಕಪಟ್ಟಿ ಅಚ್ಚಾಗುವುದು 2027ರಲ್ಲಿ. ಹೊಸ ಪಠ್ಯಕ್ರಮಕ್ಕೆ ಹೊಸ ನಮೂನೆಯ ಅಂಕಪಟ್ಟಿ ಹೇಗೂ ತಯಾರಾಗಬೇಕು. ಈ ಎರಡು ಸಾಲನ್ನು ಸೇರಿಸಲು ಅದಕ್ಕಿಂತ ಕಡಿಮೆ ಖರ್ಚಿನ ಸಮಯ ಸಿಗುವುದಿಲ್ಲ. ಅದಕ್ಕೂ ಮುಂಚೆ ಹೊರಬಂದ ರಾಷ್ಟ್ರೀಯ ಶಿಕ್ಷಣ ನೀತಿಯ ಮೂರು ತಂಡಗಳವರು ಕೇಳಿದಾಗ ಅದೇ ಮಾಹಿತಿಯ ಪತ್ರವನ್ನು ಕೊಡುವ ವ್ಯವಸ್ಥೆಯೂ ಜತೆಗೇ ಆಗಬೇಕು.